ರಾತ್ರಿ ಪಾಳಿ ಸೊಸಿಗೆ ಐದು ತ್ರಿಪದಿ

ನಮ್ಮ ಸಣ್ಣ ಸೊಸಿ ದವಾಖಾನಿಯೊಳಗ ನರ್ಸ್ ಇದ್ದಾಳ ಅನ್ನೋದು ನಿಮಗೆಲ್ಲಾ ಗೊತ್ತೈತಿ. ಈಗ ಆಕಿಗೆ ರಾತ್ರಿ ಪಾಳಿ. ಸಂಜಿ ಏಳಕ್ಕ ಡಬ್ಬಿ ಕಟಗೊಂಡು ಹೊಂಟ್ರ ಮರುದಿನ ಮುಂಜಾನಿ ಒಂಬತ್ತಕ್ಕ ಮನಿ ಮುಟ್ಟತಾಳ. ನಾಕು ರಾತ್ರಿ ಸಾಲಾಗಿ ಹೋಗಿ ಎರಡು ರಾತ್ರಿ ಬಿಡುವು. ಹೋದ ಏಪ್ರಿಲ್ ತಿಂಗಳ ಒಂದಿನ ಚಾ ಕುಡೀತಾ ಆಕಿ, "ಅತ್ತಿ, ನೀವು ಬೀಸೋ ಪದ ಹಾಡ್ತೀರಲ್ಲ, ನಮಗೊಂದು ನಾಕು ಪದ ಬರಕೊಡ್ರಿ" ಅಂದ್ಲು.

ಯಾಕ ಬೇಕು ಅಂದ್ರ, ರಾತ್ರಿ ಪಾಳಿಯ ನರ್ಸಮ್ಮನೋರು ಸೇರಿ ಮೂರು ತಿಂಗಳಿಗೊಮ್ಮೆ ನಾಕು ಪುಟದ್ದೊಂದು ಪತ್ರಿಕಿ ಮಾಡತಾರಂತ. ವಾರ್ಡಿಗೆ ಒಂದೊಂದು ಪ್ರತಿ ಇಡತಾರ, ಉಳದವರಿಗೆ ಫೋನಿನ್ಯಾಗ ಕಳಸತಾರ. ಮೇ 12 ನರ್ಸಗಳ ದಿನ. ಫ್ಲಾರೆನ್ಸ್ ನೈಟಿಂಗೇಲ್ 1820ರಾಗ ಹುಟ್ಟಿದ ದಿನ ಅದು. ಅವತ್ತು ದವಾಖಾನಿಯೊಳಗ ಹಗಲಿಗೆ ಕೇಕು, ಭಾಷಣ ಎಲ್ಲಾ ಆಗತಾವ. ಆದರ ಹಗಲಿಗೆ ರಾತ್ರಿ ಪಾಳಿಯವರು ಮನಿಯಾಗ ಮಲಗಿರತಾರ. ದೀಪ ಹಿಡಕೊಂಡು ರಾತ್ರಿ ಅಡ್ಡಾಡಿದಾಕಿ ಹೆಸರಿನ ಹಬ್ಬಕ್ಕ ರಾತ್ರಿ ದುಡಿಯೋರಿಗೇ ಕೇಕು ಸಿಗಂಗಿಲ್ಲ ನೋಡ್ರಿ! ಅದಕ್ಕ ಈ ಪತ್ರಿಕಿ.

ನಂಗ ಹಿಗ್ಗಾತು. ಅವತ್ತೇ ಮಧ್ಯಾಹ್ನ ಕುಂತು ಬರದೆ. ಮೊದಲನೇ ಸಾಲು ಹಿಂಗಿತ್ತು:

ಬಿಳಿಬಟ್ಟಿ ತೊಟ್ಟಂಥ ಭೂಮೀಯ ದೇವತಿಯೆ

ಹಿಂಗ ಹನ್ನೆರಡು ಪದ. ಕರುಣೆ, ತ್ಯಾಗ, ಬೆಳಕು, ತಾಯಿ, ದೇವರು, ಒಂದೂ ಬಿಟ್ಟಿರಲಿಲ್ಲ. ಮರುದಿನ ಮುಂಜಾನಿ ಆಕಿ ಬಂದು ಕಾಲು ತೊಳಕೊಳ್ಳೋ ಪುರಸೊತ್ತು ಕೊಡದ ಓದಿ ಹೇಳಿದೆ. ಆಕಿ ನಕ್ಕೊಂತ ಕೇಳಿದ್ಲು. ಆಮ್ಯಾಲ ಮೆಲ್ಲಗ, "ಛಲೋ ಅದಾವ ಅತ್ತಿ. ಆದರ ನಮ್ಮ ಬಟ್ಟಿ ಈಗ ನೀಲಿ. ಮತ್ತ ದೇವತಿ ಅಂದ್ರ ಆಕಿಗೆ ನಿದ್ದಿ ಬರಂಗಿಲ್ಲ, ಕಾಲು ಬಾಯಂಗಿಲ್ಲ. ನಮಗ ಬರತೈತಿ, ಬಾಯತಾವ" ಅಂದು ಒಳಗ ಹೋಗಿ ಮಲಗಿಬಿಟ್ಲು.

ನನಗ ಮಾರಿ ಸಣ್ಣದಾತು. ಸಿಟ್ಟೂ ಬಂತು, ಸುಳ್ಳ್ಯಾಕ ಹೇಳಲಿ. ಆದರ ಸಿಟ್ಟಿನ ಹಿಂದ ಇನ್ನೊಂದು ಇತ್ತು. ಆಕಿ ನಮ್ಮನಿಗೆ ಬಂದ ಮೊದಲನೇ ವರ್ಷ, ಕಟ್ಟಿ ಮ್ಯಾಲ ಕುಂತು ಬಾಜೂ ಮನಿ ವೈನಿ ಮುಂದ, "ಸೊಸಿ ಬಂದ್ರೂ ಅಡಗಿ ಮನಿ ನನಗ ತಪ್ಪಿಲ್ಲರೀ, ಈಕಿ ಹಗಲೆಲ್ಲಾ ಗೊರಕಿ ಹೊಡೀತಾಳ" ಅಂದಿದ್ದೆ. ಒಳಗಿನ ಕಿಟಕಿ ತಗದಿತ್ತು. ಆಕಿ ಎಚ್ಚರ ಇದ್ಲು. ಒಂದು ಮಾತು ತಿರುಗಿ ಆಡಲಿಲ್ಲ, ಇವತ್ತಿನ ತನಕ ಎತ್ತಿಲ್ಲ. ಅಂಥಾಕಿಗೆ ನಾ ಕಾಗದದ ಮ್ಯಾಲ ದೇವತಿ ಅಂತ ಬರದ್ರ ಆಕಿಗೆ ಹ್ಯಾಂಗ ಅನಿಸಿರಬೇಕು? ಹನ್ನೆರಡೂ ಪದ ಹರದು ಒಲಿಗೆ ಹಾಕಿದೆ.

ಆಮ್ಯಾಲ ಬಿಡುವಿನ ದಿನ ಆಕಿನ್ನ ಕುಂಡ್ರಿಸಿಕೊಂಡು, "ನೀ ರಾತ್ರಿ ಏನೇನು ಮಾಡ್ತಿ, ಒಂದೊಂದ ಹೇಳು" ಅಂದೆ. ಮದುವಿಯಾಗಿ ಆರು ವರ್ಷ ಆಗಿತ್ತು, ಈ ಪ್ರಶ್ನಿ ನಾ ಕೇಳಿದ್ದು ಅವತ್ತೇ ಮೊದಲು.

ಪದದ ಮಾತು ಸ್ವಲ್ಪ ಹೇಳಿಬಿಡತೀನಿ, ಯಾಕಂದ್ರ ನಮ್ಮ ಹುಡಿಗೇರು ಕೇಳತಿರತಾರ. ಬೀಸೋ ಪದ ಅಂದ್ರ ತ್ರಿಪದಿ, ಮೂರು ಸಾಲು. ನಮ್ಮವ್ವ ಕೋಳಿ ಕೂಗೋಕಿಂತ ಮೊದಲ ಎದ್ದು ಬೀಸುಕಲ್ಲಿನ ಮುಂದ ಕುಂಡ್ರತಿದ್ಲು. ಊರೆಲ್ಲಾ ಮಲಗಿದಾಗ ಎಚ್ಚರಿದ್ದ ಹೆಣ್ಣಮಕ್ಕಳು ಕಟ್ಟಿದ ಪದ ಇವು. ವಿಜಯಪುರ ಜಿಲ್ಲೆ ಹಲಸಂಗಿಯ ಗೆಳೆಯರು ಇಂಥಾ ಪದ ಕೂಡಿಸಿ "ಗರತಿಯ ಹಾಡು" ಅಂತ ಪುಸ್ತಕ ಮಾಡ್ಯಾರ, ನಮ್ಮನಿಯಾಗೂ ಒಂದು ಐತಿ. ಅದಕ್ಕ ರಾತ್ರಿ ಪಾಳಿಯವರಿಗೆ ಇದಕ್ಕಿಂತ ಒಪ್ಪೋ ಧಾಟಿ ಬ್ಯಾರೆ ಇಲ್ಲ ಅನ್ನಿಸ್ತು. ಅದೇ ಹೊತ್ತು, ಅದೇ ಎಚ್ಚರ.

ಅಳತಿ ಹೇಳೋದಾದ್ರ, ಮೊದಲನೇ ಸಾಲಿಗೆ ನಾಕು ತುಂಡು, ಎರಡನೇದಕ್ಕೂ ನಾಕು, ಕಡೀದಕ್ಕ ಮೂರು. ಎರಡನೇ ಸಾಲಿನ ಎರಡನೇ ತುಂಡು, ಮೂರನೇ ಸಾಲಿನ ಎರಡನೇ ತುಂಡು, ಇವೆರಡು ಗಿಡ್ಡ. ಉಳದವೆಲ್ಲಾ ಉದ್ದ. ಪಂಡಿತರು ಇದಕ್ಕ ಬ್ರಹ್ಮಗಣ, ವಿಷ್ಣುಗಣ ಅಂತಾರ. ನಾ ಪಿಯುಸಿ ಓದಿದಷ್ಟಕ್ಕ ಸಲೀಸಾಗಿ ಲೆಕ್ಕ ಇಟಗೊಂಡೀನಿ: ಉದ್ದ ತುಂಡಿಗೆ ಐದು ಮಾತ್ರೆ, ಗಿಡ್ಡಕ್ಕ ಮೂರು. ಮತ್ತ ಮೂರೂ ಸಾಲಿನ ಎರಡನೇ ಅಕ್ಷರ ಒಂದೇ ಆಗಬೇಕು. ಕಡಿಮಿ ಬಿದ್ರ ಅಕ್ಷರ ಎಳೀಬಹುದು, "ಬೆಳಕಿಗೆ" ಅನ್ನೋದನ್ನ "ಬೆಳಕೀಗೆ" ಅಂದಂಗ. ಹೆಚ್ಚಾದ್ರ ಮಾತ್ರ ಕಲ್ಲು ಮುಗ್ಗರಸತೈತಿ.

ಈಗ ಆಕಿ ಹೇಳಿದ್ದು ಕೇಳ್ರಿ. ರಾತ್ರಿ ಎಂಟಕ್ಕ ಹಗಲಿನವರಿಂದ ಒಬ್ಬೊಬ್ಬ ರೋಗಿ ಲೆಕ್ಕ ತಗೋಬೇಕು. ಹತ್ತರ ಔಷಧ ಮುಗಿದ ಮ್ಯಾಲ ದೊಡ್ಡ ದೀಪ ಆರಸತಾರ. ಆಮ್ಯಾಲಿನ ಕೆಲಸ ಎಲ್ಲಾ ಕತ್ತಲದಾಗ. ಬಿ.ಪಿ. ನೋಡಬೇಕು, ಜ್ವರ ನೋಡಬೇಕು, ಸಲಾಯಿನ್ ನೋಡಬೇಕು. ಬ್ಯಾಟರಿ ಹಚ್ಚಿದ್ರ ಬಾಜೂ ಮಂಚದವರಿಗೆ ಎಚ್ಚರ ಆಗತೈತಿ. ಅದಕ್ಕ ಬ್ಯಾಟರಿ ಮುಂದ ಅಂಗೈ ಹಿಡಿದು, ಬೆರಳ ಸಂದಿಯಿಂದ ಬರೋ ಕೆಂಪು ಬೆಳಕಿನ್ಯಾಗ ನೋಡತಾರಂತ. "ಯಾರು ಕಲಿಸಿದ್ರ?" ಅಂದೆ. "ಒಬ್ಬ ಹಿರಿ ಸಿಸ್ಟರ್ ಮಾಡತಿದ್ರು, ನೋಡಿ ಕಲತೆ" ಅಂದ್ಲು. ನಾ ಅಲ್ಲೇ ಕುಂತಲ್ಲೇ ಕಟ್ಟಿದೆ.

ಬೆಳಕೀಗೆ ಅಂಗೈಯ ಮರೆಮಾಡಿ ಬಂದಾಳ
ಸುಳಿದಾಳ ಹೆಜ್ಜಿ ಸಪ್ಪಳವ ನುಂಗುತ್ತ
ಎಳಿನಿದ್ದಿ ಕೆಡದೆ ಉಳಿಲಂತ

ಇದಕ್ಕ ಆಕಿ ಏನೂ ಅನ್ನಲಿಲ್ಲ. ಆದರ ಎರಡು ಸಲ ಓದಿದ್ಲು. ದೇವತಿ ಪದಕ್ಕ ಹಂಗ ಓದಿರಲಿಲ್ಲ.

ಎರಡನೇದು ಸಲಾಯಿನ್ ಮ್ಯಾಲ ಬರದೆ. ಬಾಟ್ಲಿ ಮುಗದ ಕೂಡಲೇ ಓಡೋಡಿ ಬಂದಾಳ ಅಂತ ಮೊದಲು ಬರದಿದ್ದೆ. ಆಕಿ ತಲಿ ಅಲ್ಲಾಡಿಸಿದ್ಲು. "ಮುಗದ ಮ್ಯಾಲ ಬಂದ್ರ ತಡ ಆತು ಅತ್ತಿ. ನಳಿಗಿಯೊಳಗ ಗಾಳಿ ಸೇರತೈತಿ, ಸೂಜಿಯಾಗ ರಕ್ತ ಹೆಪ್ಪುಗಟ್ಟತೈತಿ, ಮತ್ತ ಚುಚ್ಚಬೇಕಾಗತೈತಿ. ಮುಗಿಯೋದ್ರೊಳಗ ನಾ ಅಲ್ಲಿ ಇರಬೇಕು. ಓಡೋಡಿ ಬಂದ್ಲು ಅಂದ್ರ ಆಕಿ ಲೆಕ್ಕ ತಪ್ಪ್ಯಾಳ ಅಂತ ಅರ್ಥ."

"ಲೆಕ್ಕ ಅಂದ್ರ?" ಅಂದೆ. ಆಕಿ ಕಾಗದ ತಗೊಂಡು ತೋರಿಸಿದ್ಲು. 500 ಎಂ.ಎಲ್. ಬಾಟ್ಲಿ 8 ತಾಸಿನ್ಯಾಗ ಹೋಗಬೇಕು ಅಂತ ಡಾಕ್ಟರ್ ಬರದಾರ ಅನಕೋರಿ. ಅವರ ವಾರ್ಡಿನ ನಳಿಗಿಯೊಳಗ 20 ಹನಿಗೆ 1 ಎಂ.ಎಲ್. ಅಂದ್ರ ಒಟ್ಟು 10,000 ಹನಿ. 8 ತಾಸಿಗೆ 480 ನಿಮಿಷ. ಭಾಗಿಸಿದ್ರ ನಿಮಿಷಕ್ಕ ಸುಮಾರು 21 ಹನಿ. ಕೈಗಡಿಯಾರ ಹನಿಯ ಬಾಜೂ ಹಿಡಿದು ಒಂದು ನಿಮಿಷ ಪೂರಾ ಎಣಸಬೇಕು. ಹೆಚ್ಚಿದ್ರ ಚಕ್ರ ಬಿಗಿ ಮಾಡಬೇಕು, ಕಡಿಮಿ ಇದ್ರ ಸಡಲ ಬಿಡಬೇಕು. ರೋಗಿ ಕೈ ಮಡಚಿದ್ರ ಹನಿ ನಿಧಾನ ಆಗತೈತಿ, ಅದಕ್ಕ ಒಮ್ಮೆ ಎಣಸಿ ಬಿಟ್ರ ಆಗಂಗಿಲ್ಲ. ಮುಂಜಾನಿ ಮೂರರ ಹೊತ್ತಿಗೆ ಹದಿನಾಕು, ಹದಿನೈದು ಅಂತ ಎಣಸೂದ್ರಾಗ ಕಣ್ಣು ತೂಗತಾವಂತ. ತೂಗಿದ್ರ ಮತ್ತ ಒಂದರಿಂದ.

ನಾ ಮಾತ್ರೆ ಎಣಸಿ ಪದ ಕಟ್ಟತೀನಿ, ಈಕಿ ಹನಿ ಎಣಸಿ ಜೀವ ಕಾಯತಾಳ. ನನ್ನ ಲೆಕ್ಕ ತಪ್ಪಿದ್ರ ಪದ ಕುಂಟತೈತಿ, ಅಷ್ಟೇ.

"ಇಪ್ಪತ್ತೊಂದು ಹನಿ" ಅನ್ನೋದನ್ನ ಪದದಾಗ ಕೂಡ್ರಸಬೇಕು ಅಂತ ಎರಡು ದಿನ ಒದ್ದಾಡಿದೆ. "ಇಪ್ಪತ್ತೊಂದು" ಅಂದ್ರನ ಏಳು ಮಾತ್ರೆ ಆಗತೈತಿ, ಐದರ ತುಂಡಿನ್ಯಾಗ ಎಲ್ಲಿ ಕೂಡಬೇಕು? ಆಕಿನೂ, "ಬ್ಯಾಡ ಅತ್ತಿ, ಅದು ಒಬ್ಬರ ಲೆಕ್ಕ. ಹೃದಯದ ತೊಂದ್ರಿ ಇದ್ದವರಿಗೆ ಭಾಳ ನಿಧಾನ ಬಿಡಬೇಕಾಗತೈತಿ. ಸಂಖ್ಯಾ ಬರದ್ರ ಹೊಸಾ ಹುಡಿಗೇರು ಅದನ್ನ ಹಿಡಕೊಂಡಾರು" ಅಂದ್ಲು. ಸಂಖ್ಯಾ ಕೈಬಿಟ್ಟೆ.

ಹನಿಹನಿಗೆ ಕಣ್ಣಿಟ್ಟು ಗಡಿಯಾರ ನೋಡ್ಯಾಳ
ಮನಿಮಂದಿ ನೆನಪು ಬಂದರೂ ಎಣಿಕೀಯ
ಕೊನಿತನಕ ಅಕಿಯು ಬಿಡಲಿಲ್ಲ

ಮೂರನೇದು ಹಾಸಿಗಿ ಹಿಡದವರದು. ತಾವಾಗಿ ಹೊರಳಲಿಕ್ಕೆ ಬರದವರನ್ನ ಎರಡೆರಡು ತಾಸಿಗೆ ಮಗ್ಗಲು ಬದಲಿಸಬೇಕಂತ. ಎಡಕ್ಕ, ಅಂಗಾತ, ಬಲಕ್ಕ. ಇಲ್ಲಂದ್ರ ಸೊಂಟದ ಕೆಳಗ, ಹಿಮ್ಮಡದ ಮ್ಯಾಲ ಚರ್ಮ ಕೆಂಪಾಗಿ ಹುಣ್ಣು ಬೀಳತೈತಿ. ಕೆಂಪಾಗಿದ್ದಲ್ಲಿ ಬೆರಳ ಒತ್ತಿ ಬಿಡಬೇಕು. ಒತ್ತಿದಾಗ ಬೆಳ್ಳಗಾಗಿ ಮತ್ತ ಕೆಂಪಾದ್ರ ಇನ್ನೂ ವ್ಯಾಳ್ಯಾ ಐತಿ. ಒತ್ತಿದ್ರೂ ಕೆಂಪು ಹಂಗ ಉಳೀತು ಅಂದ್ರ ಹುಣ್ಣು ಶುರು ಆಗೈತಿ ಅಂತ ತಿಳಕೋಬೇಕು. ನಮ್ಮತ್ತಿಯವರು ಕಡೀ ನಾಕು ತಿಂಗಳು ಹಾಸಿಗಿಯಾಗ ಇದ್ದಾಗ ನಂಗ ಇದನ್ನ ಯಾರೂ ಹೇಳಿರಲಿಲ್ಲ. ಅವರ ಬೆನ್ನು ನೆನಪಾಗಿ ನಾ ಸ್ವಲ್ಪ ಹೊತ್ತು ಸುಮ್ಮಕ ಕುಂತೆ. ಮನಿಯಾಗ ಮುಪ್ಪಿನವರು ಇದ್ದವರು ಇದನ್ನ ನೆನಪಿಟಗೋರಿ.

ಮತ್ತ ಒಂದು ಸಣ್ಣ ಮಾತು ಹೇಳಿದ್ಲು. ರಾತ್ರಿ ಎ.ಸಿ. ಗಾಳಿಗೆ ಅವರ ಕೈ ತಣ್ಣಗ ಆಗಿರತಾವ. ಮುಪ್ಪಿನವರ ಬೆನ್ನಿಗೆ ತಣ್ಣನ ಕೈ ತಾಗಿದ್ರ ಅವರು ಬೆಚ್ಚಿ ಬೀಳತಾರ. ಅದಕ್ಕ ಕೈ ತೊಳದು ಒರಸಿಕೊಂಡ ಮ್ಯಾಲ ಒಂದಕ್ಕೊಂದು ತಿಕ್ಕಿ ಬಿಸಿ ಮಾಡಿಕೊಂಡು ಮುಟ್ಟತಾರ.

ಈ ಪದಕ್ಕ ನಾ ಮೊದಲು ಮಂಚದ ನಂಬರು, ಆ ಅಜ್ಜಿಯ ಊರು ಎಲ್ಲಾ ಹಾಕಿದ್ದೆ. ಪದಕ್ಕ ಊರ ಹೆಸರು ಬಂದ್ರ ಚೆಂದ ಅಲ್ಲೇನು? ಆಕಿ ಒಪ್ಪಲೇ ಇಲ್ಲ. "ಪತ್ರಿಕಿ ವಾರ್ಡಿನ್ಯಾಗ ಬಿದ್ದಿರತೈತಿ ಅತ್ತಿ, ಅವರ ಮಗಳು ಬಂದು ಓದಿದ್ರ? ರೋಗಿ ಮಾತು ನಮ್ಮ ಬಾಯಿಂದ ಹೊರಗ ಹೋಗಬಾರದು." ನನ್ನ ಮುಂದೂ ಆಕಿ ಹೆಸರು ಹೇಳಿರಲಿಲ್ಲ, ಊರು ಹೇಳಿದ್ದಕ್ಕೇ ಆಮ್ಯಾಲ ನೊಂದಕೊಂಡ್ಲು. ಅಳಿಸಿ ಹಿಂಗ ಮಾಡಿದೆ.

ಎರಡೆರಡು ತಾಸೀಗೆ ಮಗ್ಗಲವ ಬದಲೀಸಿ
ಹಿರಿಯವ್ವ ನೋವು ಬಂತೇನು ಅಂತಾಳ
ಬರಿಬೆನ್ನ ಮ್ಯಾಲ ಕೈಯಿಟ್ಟು

ನಾಕನೇ ಪದ ಆಕಿ ಹೇಳಿದ್ದಲ್ಲ, ನಾ ಕಂಡಿದ್ದು. ನಮ್ಮವ್ವನ್ನ ಐ.ಸಿ.ಯು.ದಾಗ ಇಟ್ಟಾಗ ನಮ್ಮ ತಮ್ಮ ಹೊರಗ ಬಾಗಲದಾಗ ನೆಲದ ಮ್ಯಾಲ ಕುಂತಿದ್ದ. ನಾ ಗ್ವಾಡಿಗೆ ಒರಗಿ ಅರ್ಧ ನಿದ್ದಿಯಾಗ ಇದ್ದೆ. ಮುಂಜಾನಿ ನಾಕರ ಸುಮಾರು. ಒಬ್ಬಾಕಿ ನರ್ಸ್ ತನಗ ತಂದ ಚಾ ಎರಡು ಕಪ್ಪಿಗೆ ಹಾಕಿ ಒಂದು ಅವನ ಮುಂದ ಇಟ್ಟು, "ಬಿ.ಪಿ. ಸ್ವಲ್ಪ ಏರೇದ, ಚಾ ಕುಡೀರಿ" ಅಂದು ಒಳಗ ಹೋದ್ಲು. ಅಷ್ಟೇ. ರಾತ್ರಿಯೆಲ್ಲಾ ನೀರೂ ಕುಡೀದ ಕುಂತಿದ್ದ ಹುಡುಗ ಆ ಅರ್ಧ ಕಪ್ಪು ಚಾ ಹಿಡಕೊಂಡು ಅಳಲಿಕ್ಕೆ ಹತ್ತಿದ. ಅವ್ವ ಉಳೀಲಿಲ್ಲ. ಆ ನರ್ಸಿನ ಹೆಸರು ನಾವು ಕೇಳಲಿಲ್ಲ, ಮಾರಿನೂ ಈಗ ನೆನಪಿಲ್ಲ. ಕಪ್ಪು ಇಟ್ಟ ಕೈ ನೆನಪೈತಿ.

ಸೊಸಿಗೆ ಇದನ್ನ ಹೇಳಿದಾಗ ಆಕಿ, "ನಾಕರ ಹೊತ್ತು ಭಾಳ ಕಠಿಣ ಅತ್ತಿ, ಮೈಯ ಬಿಸಿನೂ ಇಳದಿರತೈತಿ, ಎಷ್ಟು ಹೊದ್ದರೂ ಚಳಿ. ಆ ಹೊತ್ತಿನ ಚಾ ಅಂದ್ರ ಚಾ ಅಲ್ಲ ಅದು. ಅದರಾಗ ಅರ್ಧ ಕೊಟ್ಟಾಳ ಅಂದ್ರ…" ಅಂತ ಅಂದು ನಿಲ್ಲಿಸಿದ್ಲು.

ನಸಿಕೀನ ನಾಕಕ್ಕ ಚಾದಾಗ ಪಾಲಿಟ್ಟು
ಹಸಿದವಗೆ ಅರ್ಧ ಕೊಟ್ಟಾಳ, ಬಾಗಿಲದ
ಹೊಸತಿಲಿಗೆ ಕೂತ ಮಗನೀಗೆ

ಪದ ಸರಿ ಅದಾವೋ ಇಲ್ಲೋ ಅಂತ ನಮ್ಮ ದೊಡ್ಡವ್ವಗ ಫೋನ್ ಹಚ್ಚಿ ಹಾಡಿ ತೋರಿಸಿದೆ. ಎಂಬತ್ತು ದಾಟ್ಯಾವ ಆಕಿಗೆ. "ಫೋನಿನ್ಯಾಗ ಏನು ತಿಳೀತೈತಿ ಮಗಳ, ಬೀಸಿ ನೋಡು" ಅಂದ್ಲು. ಹಿತ್ತಲದಾಗ ಕುಂಡಿ ಇಡಾಕ ಹಾಕಿದ್ದ ಬೀಸುಕಲ್ಲು ತೊಳದು ತಂದು, ಒಂದು ಬೊಗಸಿ ಗೋದಿ ಹಾಕಿ ಬೀಸಿದೆ. ಮೊದಲನೇ ಸಾಲು ಹಾಡಿ, ಎರಡನೇದು ಎರಡು ಸಲ ಅಂದು ಮೂರನೇದಕ್ಕ ಇಳದ್ರ ಕಲ್ಲು ತಾನ ತಿರಗತೈತಿ. ಚಾದ ಪದ ಮೊದಲು "ಕೂತಿದ್ದ ಮಗನೀಗೆ" ಅಂತಿತ್ತು, ಅಲ್ಲಿ ಕೈ ತಡವರಿಸ್ತು. ಗಿಡ್ಡ ತುಂಡಿನ ಜಾಗಾದಾಗ ಉದ್ದಂದು ಹಾಕಿದ್ದೆ. "ಕೂತ" ಅಂದ ಮ್ಯಾಲ ಸುಗಮ ಆತು. ಮೊಮ್ಮಗ ನಿಂತು, "ಅಜ್ಜಿ, ಮಿಕ್ಸರ್ ಕೆಟ್ಟೈತೇನು?" ಅಂತ ಕೇಳಿದ.

ಪತ್ರಿಕಿಯವರಿಗೆ ನಾಕು ಪದ ಬೇಕಾಗಿತ್ತು, ನಾಕು ಆಗಿದ್ವು. ಐದನೇದು ಯಾರೂ ಕೇಳಿದ್ದಲ್ಲ. ಒಂದಿನ ಮಧ್ಯಾಹ್ನ ಹನ್ನೊಂದರ ಹೊತ್ತಿಗೆ ಆಕಿ ಮಲಗಿದ್ಲು. ಕಿಟಕಿಗೆ ಕರೇ ಚಾದರ ಕಟಗೊಂಡು, ಕಿವಿಗೆ ಹತ್ತಿ ಇಟಗೊಂಡು. ಭಾಂಡೆ ಮಾರೋನು ಒದರಿದ, ಯಾರೋ ಕೊರಿಯರ್ ತಂದು ಗಂಟಿ ಬಾರಿಸಿದ್ರು, ನನ್ನ ಕುಕ್ಕರ್ ಮೂರು ಸೀಟಿ ಹಾಕ್ತು. ಒಂದೊಂದಕ್ಕೂ ಒಳಗ ಮಗ್ಗಲು ಬದಲಿಸಿದ ಸಪ್ಪಳ. ರಾತ್ರಿ ಈಕಿ ಅಂಗೈಯಾಗ ಬೆಳಕು ಮುಚ್ಚಿ ಯಾರ್ಯಾರದೋ ನಿದ್ದಿ ಕಾಯತಾಳ, ಹಗಲಿಗೆ ಈಕಿ ನಿದ್ದಿ ಕಾಯೋರು ಯಾರು ಅಂತ ಅನ್ನಿಸ್ತು. ಕಟ್ಟಿ ಮ್ಯಾಲ ನಾ ಆಡಿದ ಮಾತು ಮತ್ತ ಎದಿಗೆ ಬಂತು. ಅಡಗಿ ಮನಿಯಾಗ ನಿಂತಲ್ಲೇ ಕ್ಯಾಲೆಂಡರಿನ ಹಿಂದ ಬರದೆ.

ಹಗಲೀಗೆ ಮಲಗೀದ ಮಗಳೀಗೆ ಯಾರ್ಯಾರು
ಬಗಲಾಗ ಕುಂತು ಬೈಬ್ಯಾಡ್ರಿ, ಆ ನಿದ್ದಿ
ಹೆಗಲೀನ ಇರುಳ ಬಾಕೈತಿ

ನಾಕು ಪದದ ಹಾಳಿ ಕೆಳಗ ಇದನ್ನೂ ಸೇರಿಸಿ ಆಕಿ ಡಬ್ಬಿ ಚೀಲದಾಗ ಇಟ್ಟೆ, ಏನೂ ಹೇಳಲಿಲ್ಲ. ಬಾಯಿಲೆ ತಪ್ಪಾತು ಅನ್ನಲಿಕ್ಕೆ ನಂಗ ಬರಂಗಿಲ್ಲ, ನಮ್ಮ ಕಾಲದ ಅತ್ತೇರಿಗೆ ಯಾರಿಗೂ ಬರಂಗಿಲ್ಲ ನೋಡ್ರಿ.

ಪತ್ರಿಕಿ ಬಂತು. ಕಡೀ ಪುಟದಾಗ ಚೌಕಟ್ಟು ಹಾಕಿ ಐದೂ ಹಾಕ್ಯಾರ. ಐದನೇದಕ್ಕ ಜಾಗಾ ಸಾಲಲಿಲ್ಲ ಅಂತ ಅಕ್ಷರ ಸಣ್ಣ ಮಾಡ್ಯಾರ, ನಾ ಚಾಳಸಿ ಹಾಕ್ಕೊಂಡು ಓದಬೇಕಾತು. ನನ್ನ ಹೆಸರಿನ ಕಡೆ ನೋಡಿದೆ, ಅಲ್ಲಿ "ನಮ್ಮ ಅತ್ತಿ" ಅಂತಿತ್ತು. ಹೆಸರು ಹಾಕಬೇಕಾಗಿತ್ತು ಅಂತ ಒಂದು ಕ್ಷಣ ಅನ್ನಿಸಿತು ಮತ್ತ, ಆಸಿ ಯಾರಿಗಿರಂಗಿಲ್ಲ. ಆಕಿ ಜೋಡಿ ದುಡಿಯೋ ಒಬ್ಬಾಕಿ ಐದನೇ ಪದ ಕತ್ತರಿಸಿ ತನ್ನ ಮಲಗೋ ಖೋಲಿ ಬಾಗಲಕ್ಕ ಹಚ್ಚ್ಯಾಳಂತ. ಅವರ ಅತ್ತಿ ಓದಿ ಏನಂದ್ರು ಅಂತ ಕೇಳಿದೆ. "ಇನ್ನೂ ಏನೂ ಅಂದಿಲ್ಲಂತ, ಆದರ ಟಿ.ವಿ. ಸಪ್ಪಳ ಕಡಿಮಿ ಆಗೈತಂತ" ಅಂದ್ಲು.

ಬಾಜೂ ಮನಿ ವೈನಿ, ನೀವು ಇದನ್ನ ಓದತೀರಿ ಅಂತ ಗೊತ್ತೈತಿ. ಅವತ್ತು ಕಟ್ಟಿ ಮ್ಯಾಲ ಅಂದ ಮಾತು ನಾ ಈಗ ವಾಪಸ್ ತಗೊಂಡೀನಿ. ಮಧ್ಯಾಹ್ನ ಮೂರರೊಳಗ ಗಂಟಿ ಬಾರಿಸಬ್ಯಾಡ್ರಿ, ಕಿಟಕಿ ಹತ್ರ ಬಂದು ಮೆಲ್ಲಗ ಕರೀರಿ, ನಾ ಅಡಗಿ ಮನಿಯಾಗ ಇರತೀನಿ.

ಇವತ್ತು ಆಕಿದು ಮೂರನೇ ರಾತ್ರಿ. ಈಗ ಹನ್ನೆರಡು ಹೊಡದೈತಿ, ಒಳಗ ಸಪ್ಪಳ ಇಲ್ಲ. ಕುಕ್ಕರ್ ಇಟ್ಟಿಲ್ಲ, ಬೋಗುಣಿಯಾಗ ಅಕ್ಕಿ ಹಾಕೀನಿ. ಉಕ್ಕೋದ್ರೊಳಗ ಹೋಗಿ ಗಂಜಿ ಬಸೀಬೇಕು, ಬರ್ತೀನ್ರಿ.